‘ನಾಳೆ ಲಿಂಕ್ ಕಳಿಸ್ತೀವಿ’ ಅಂದವರು ಕಳಿಸದೇ ಹೋದಾಗ

(ಸಂಘದ ವಾರ್ಷಿಕೋತ್ಸವದ ಮಧ್ಯಾಹ್ನದ ಗೋಷ್ಠಿಯಲ್ಲಿ ಆಡಿದ ಮಾತು. ಸಂಚಿಕೆಗೆಂದು ಸ್ವಲ್ಪ ತಿದ್ದಿ ಬರೆದುಕೊಟ್ಟಿದ್ದೇನೆ.)



ಕಾರ್ಯದರ್ಶಿಗಳು ನನಗೆ ‘ಯುವಜನರು ಮತ್ತು ಉದ್ಯೋಗ’ ಅಂತ ವಿಷಯ ಕೊಟ್ಟಿದ್ದರು. ಅಷ್ಟು ದೊಡ್ಡದು ನನ್ನ ಕೈಲಾಗಲ್ಲ ಅಂತ ಅವತ್ತೇ ಹೇಳಿದೆ. ನಾನು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ 6 ವರ್ಷ ರಿಕ್ರೂಟರ್ ಆಗಿದ್ದವನು. ದಿನಾ ಬೆಳಿಗ್ಗೆ ಹೊಸೂರಿಂದ ಬಸ್ಸು ಹತ್ತಿ, ಅತ್ತಿಬೆಲೆ ದಾಟಿ ಹೋಗಿ, ಇಡೀ ದಿನ ಫೋನಲ್ಲಿ ಮಾತಾಡಿ, ರಾತ್ರಿ ವಾಪಸ್ ಬರ್ತಿದ್ದೆ. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರೋ ಒಂದೇ ಒಂದು ಸಣ್ಣ ಸಂಗತಿ ಹೇಳ್ತೀನಿ. ಕಂಪನಿಯಿಂದ ಫೋನ್ ಬರುತ್ತೆ, ಒಂದು ಕಾಲು ಗಂಟೆ ಮಾತಾಡ್ತಾರೆ, ‘ನಾಳೆ ಟೆಸ್ಟ್ ಲಿಂಕ್ ಕಳಿಸ್ತೀವಿ’ ಅಂತಾರೆ. ನಾಳೆ ಬರುತ್ತೆ, ನಾಡಿದ್ದು ಬರುತ್ತೆ, ಲಿಂಕ್ ಮಾತ್ರ ಬರಲ್ಲ. ಆಗ ಏನು ಮಾಡಬೇಕು?

ಇದನ್ನ ಯಾಕೆ ಆರಿಸಿಕೊಂಡೆ ಅಂದ್ರೆ, ನಮ್ಮ ಕಾಲನಿಯಲ್ಲೇ ಒಬ್ಬ ಹುಡುಗಿಗೆ ಹೋದ ವರ್ಷ ಹೀಗಾಯ್ತು. ಹೆಸರು ಬೇಡ ಅಣ್ಣ ಅಂದಿದ್ದಾಳೆ, ಹೇಳಲ್ಲ. ಸರ್ಕಾರಿ ಕಾಲೇಜಲ್ಲಿ ಬಿ.ಎಸ್ಸಿ. ಕಂಪ್ಯೂಟರ್ ಮುಗಿಸಿದವಳು. ಸಿಪ್‌ಕಾಟ್‌ನ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಲೈನಲ್ಲಿ ಕೆಲಸ ಮಾಡ್ತಿದ್ದಳು. ಜಾಬ್ ಪೋರ್ಟಲ್‌ನಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಒಂದು ಮಂಗಳವಾರ ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಫೋನ್ ಬಂತು. ಸೆಕೆಂಡ್ ಶಿಫ್ಟ್ ಇದ್ದದ್ದು ಪುಣ್ಯ, ಮನೇಲಿದ್ದಳು. 17 ನಿಮಿಷ ಮಾತಾಡಿದರು. ಎಲ್ಲಿರ್ತೀಯ, ಏನು ಓದಿದೀಯ, ಅರಿಯರ್ ಇದೆಯಾ, ಈಗ ಎಷ್ಟು ಸಂಬಳ, ಎಷ್ಟು ಬೇಕು, ಯಾವಾಗ ಸೇರಬಹುದು, ನೈಟ್ ಶಿಫ್ಟ್ ಆಗುತ್ತಾ. ಕೊನೆಗೆ ಆಯಮ್ಮ ಹೇಳಿದ್ದು ಇಷ್ಟು: ‘ನಾಳೆ ಸಂಜೆಯೊಳಗೆ ಟೆಸ್ಟ್ ಲಿಂಕ್ ಮೇಲ್‌ಗೆ ಬರುತ್ತೆ, ಪಾಸಾದರೆ ಮುಂದಿನ ವಾರ ಟೆಕ್ನಿಕಲ್ ರೌಂಡ್.’

ಅವತ್ತು ಸಂಜೆಗೇ ಅವರಪ್ಪ ಟೀ ಅಂಗಡಿ ಹತ್ತಿರ ನಾಲ್ಕು ಜನಕ್ಕೆ ಹೇಳಿಬಿಟ್ಟಿದ್ದರು, ಮಗಳಿಗೆ ಬೆಂಗಳೂರಲ್ಲಿ ಕೆಲಸ ಆಯ್ತು ಅಂತ. ಅವರನ್ನ ತಪ್ಪು ಅನ್ನಲ್ಲ ನಾನು. ನಮ್ಮ ಮನೆಗಳಿಗೆ ಕಂಪನಿ ಫೋನ್ ಬರೋದೇ ಅಪರೂಪ, ಬಂತು ಅಂದ್ರೆ ಆಯ್ತು ಅಂದುಕೊಳ್ತಾರೆ. ಆದರೆ ಹುಡುಗಿಯೂ ಹಾಗೇ ಅಂದುಕೊಂಡಳು ನೋಡಿ, ಅಲ್ಲಿ ಕಷ್ಟ ಶುರುವಾಯ್ತು. ಸೂಪರ್‌ವೈಸರ್‌ಗೆ ಹೋಗಿ ‘ತಿಂಗಳ ಕೊನೆಗೆ ಬಿಡ್ತೀನಿ ಸಾರ್’ ಅಂದುಬಿಟ್ಟಳು.

ಮೊದಲ ಫೋನ್ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಇಂಟರ್‌ವ್ಯೂ ಅಲ್ಲ, ಜರಡಿ ಹಿಡಿಯೋದು. ಒಂದು ಜಾಗಕ್ಕೆ ನೂರಾರು ಅರ್ಜಿ ಬಂದಿರುತ್ತೆ. ರಿಕ್ರೂಟರ್ ಅದರಲ್ಲಿ ಇಪ್ಪತ್ತೋ ಮೂವತ್ತೋ ಜನಕ್ಕೆ ಫೋನ್ ಮಾಡಿ, ಸಂಬಳ ಹೊಂದುತ್ತಾ, ಬೇಗ ಬರ್ತಾರಾ, ಮಾತು ಅರ್ಥವಾಗುತ್ತಾ ಅಂತ ನೋಡಿ, ಐದಾರು ಜನರ ಪಟ್ಟಿ ಮಾಡಿ ಮೇಲಕ್ಕೆ ಕಳಿಸ್ತಾರೆ. ಆ ಮೇಲಿನವರನ್ನ ಹೈರಿಂಗ್ ಮ್ಯಾನೇಜರ್ ಅಂತಾರೆ. ಯಾರ ಕೈಕೆಳಗೆ ನೀವು ಕೆಲಸ ಮಾಡಬೇಕೋ ಅವರು. ತಗೊಳ್ಳೋದು ಬಿಡೋದು ಅವರ ಕೈಲಿ ಇರುತ್ತೆ. ಫೋನ್ ಮಾಡಿದವರಿಗೆ ಆ ಅಧಿಕಾರ ಇಲ್ಲ. ‘ನಾಳೆ ಕಳಿಸ್ತೀವಿ’ ಅಂತ ಅವರು ಹೇಳೋದು ಸುಳ್ಳು ಹೇಳಬೇಕು ಅಂತಲ್ಲ. ಮ್ಯಾನೇಜರ್ ನಾಳೆ ನೋಡ್ತಾರೆ ಅನ್ನೋ ನಂಬಿಕೆ ಮೇಲೆ ಹೇಳ್ತಾರೆ. ಮ್ಯಾನೇಜರ್ ನೋಡಲ್ಲ. ಒಂದು ವಾರ ರಜೆ ಹೋಗ್ತಾರೆ. ಅಥವಾ ಕಂಪನಿಯೊಳಗೇ ಯಾರನ್ನೋ ಆ ಜಾಗಕ್ಕೆ ಹಾಕ್ತಾರೆ. ಅಥವಾ ಆ ತಿಂಗಳು ಹೊಸಬರನ್ನ ತಗೊಳ್ಳೋದು ಬೇಡ ಅಂತ ಮೇಲಿಂದ ಬರುತ್ತೆ, ಅದಕ್ಕೆ ‘ಹೋಲ್ಡ್’ ಅಂತಾರೆ. ಹೋಲ್ಡ್ ಆದ ಜಾಗದ ಬಗ್ಗೆ ಅಭ್ಯರ್ಥಿಗೆ ಯಾರೂ ಹೇಳಲ್ಲ. ಯಾಕಂದ್ರೆ ನಾಳೆ ಮತ್ತೆ ತೆರೆಯಬಹುದು ಅನ್ನೋ ಆಸೆ ರಿಕ್ರೂಟರ್‌ಗೂ ಇರುತ್ತೆ.

ನಾನೂ ಹೇಳ್ತಿರಲಿಲ್ಲ. ಇದನ್ನ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಒಂದೊಂದು ದಿನ 40, 50 ಕರೆ ಮಾಡ್ತಿದ್ದೆ. ಎಲ್ಲರಿಗೂ ‘ಎರಡು ದಿನದಲ್ಲಿ ತಿಳಿಸ್ತೀನಿ’ ಅಂತಿದ್ದೆ. ಎರಡು ದಿನ ಬಿಟ್ಟು ನನ್ನ ಮೇಜಿನ ಮೇಲೆ ಬೇರೆ ಕಂಪನಿಯ ಬೇರೆ ಜಾಗ ಇರ್ತಿತ್ತು. ನಮಗೆ ದುಡ್ಡು ಬರೋದು ನಾವು ಕಳಿಸಿದ ಹುಡುಗ ಹೋಗಿ ಸೇರಿದರೆ ಮಾತ್ರ. ಸಾಮಾನ್ಯವಾಗಿ ಅವನ ವರ್ಷದ ಸಂಬಳದಲ್ಲಿ 8.33 ಪರ್ಸೆಂಟು, ಅಂದ್ರೆ ಒಂದು ತಿಂಗಳ ಸಂಬಳದಷ್ಟು, ಕಂಪನಿ ನಮಗೆ ಕೊಡ್ತಿತ್ತು. ಆಗಲ್ಲ ಅಂತ ಹೇಳೋಕೆ ಮಾಡೋ ಫೋನಿಗೆ ಯಾರೂ ದುಡ್ಡು ಕೊಡಲ್ಲ. ಆದ್ದರಿಂದ ಆ ಫೋನ್ ನಾನು ಮಾಡ್ತಿರಲಿಲ್ಲ. ನನ್ನಂಥವರ ಮೌನಕ್ಕೆ ಕಾದು ಎಷ್ಟು ಮನೆಗಳಲ್ಲಿ ಎಷ್ಟು ದಿನ ಹೋಯ್ತೋ ಅಂತ ಈಗ ಅನ್ನಿಸುತ್ತೆ.

ಈಗ ಹುಡುಗಿ ವಿಷಯಕ್ಕೆ ಬರ್ತೀನಿ. ಬುಧವಾರ ಲಿಂಕ್ ಬರಲಿಲ್ಲ, ಗುರುವಾರವೂ ಇಲ್ಲ. ಶುಕ್ರವಾರ ಬಂದ ನಂಬರಿಗೇ ವಾಪಸ್ ಮಾಡಿದಳು. ‘ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಅಂತ ಬಂತು. ಅವಳಿಗೆ ಎದೆ ಧಸಕ್ ಅಂತು, ಮೋಸದ ಫೋನೇ ಇರಬೇಕು ಅಂತ. ಆದರೆ ಕಂಪನಿಗಳು ಈಗ ಕಂಪ್ಯೂಟರಿಂದಲೇ ಕರೆ ಮಾಡ್ತವೆ. ಆ ನಂಬರ್ ಹೊರಗೆ ಹೋಗೋಕೆ ಮಾತ್ರ, ಒಳಗೆ ಬರೋಕಲ್ಲ. ವಾಪಸ್ ಹೋಗದೇ ಇದ್ದರೆ ಮೋಸ ಅಂತ ಅರ್ಥ ಅಲ್ಲ, ನಿಜ ಅಂತಲೂ ಅಲ್ಲ. ಆಮೇಲೆ ಸುಮ್ಮನಾದಳು. ಮನೆಯವರು ಕೇಳಿದರೆ ‘ಬರುತ್ತೆ’ ಅಂತಿದ್ದಳು. 12ನೇ ದಿನ, ಭಾನುವಾರ, ಅವರಮ್ಮ ಕೈ ಹಿಡಿದು ಕರಕೊಂಡು ನಮ್ಮನೆಗೆ ಬಂದರು. ಸೋಮವಾರ ಸೂಪರ್‌ವೈಸರ್‌ಗೆ ಉತ್ತರ ಹೇಳಬೇಕಿತ್ತು. ಬಿಡೋದು ಖಚಿತನಾ, ಬೇರೆಯವರನ್ನ ಹಾಕಿಕೊಳ್ಳಲಾ ಅಂತ ಆತ ಕೇಳಿದ್ದ.

ನಾನು ಮೊದಲು ಹೇಳಿದ್ದು, ಬೆಳಿಗ್ಗೆ ಹೋಗಿ ‘ಬಿಡಲ್ಲ ಸಾರ್’ ಅನ್ನು. ಮುದ್ರೆ ಬಿದ್ದ ಆಫರ್ ಲೆಟರ್ ಮೇಲ್‌ನಲ್ಲಿ ಬಂದು, ಅದರಲ್ಲಿ ಸಂಬಳ ಮತ್ತೆ ಸೇರೋ ತಾರೀಖು ಇರೋವರೆಗೂ ಇರೋ ಕೆಲಸ ಬಿಡಬಾರದು, ಬಿಡ್ತೀನಿ ಅಂತ ಬಾಯಲ್ಲೂ ಅನ್ನಬಾರದು.

ಎರಡನೇದು, ಹುಡುಕೋದು. ಜಿಮೇಲ್‌ನಲ್ಲಿ ಮೇಲ್‌ಗಳು ಒಂದೇ ಕಡೆ ಬೀಳಲ್ಲ. ಪ್ರೈಮರಿ ಅಂತ ಒಂದು, ಪ್ರಮೋಷನ್ಸ್ ಅಂತ ಒಂದು, ಅಪ್‌ಡೇಟ್ಸ್ ಅಂತ ಒಂದು, ಅದಲ್ಲದೆ ಸ್ಪ್ಯಾಮ್. ಟೆಸ್ಟ್ ಲಿಂಕ್ ಬಹಳ ಸಲ ಕಂಪನಿ ಹೆಸರಲ್ಲಿ ಬರಲ್ಲ, ಟೆಸ್ಟ್ ನಡೆಸೋ ಬೇರೆ ಸಂಸ್ಥೆಯ ಹೆಸರಲ್ಲಿ ಬರುತ್ತೆ, ಜಾಹೀರಾತು ಥರ ಕಾಣುತ್ತೆ. ಅದಕ್ಕೇ ಹುಡುಕೋ ಜಾಗದಲ್ಲಿ ಹೀಗೆ ಹಾಕಬೇಕು:

```
in:anywhere newer_than:15d
```

ಹೀಗೆ ಹಾಕಿದರೆ ಸ್ಪ್ಯಾಮ್, ಕಸದ ಬುಟ್ಟಿ ಎಲ್ಲಾ ಸೇರಿಸಿ ಕಳೆದ 15 ದಿನದ್ದು ತೋರಿಸುತ್ತೆ. ನಾವಿಬ್ಬರೂ ಕೂತು ಒಂದೊಂದೇ ನೋಡಿದೆವು. ಟೆಸ್ಟ್ ಲಿಂಕ್ ಇರಲಿಲ್ಲ. ಆದರೆ ಇನ್ನೊಂದು ಸಿಕ್ಕಿತು. ಫೋನ್ ಬರೋ ಹಿಂದಿನ ದಿನ, ಸೋಮವಾರ, ‘ನಾಳೆ ಬೆಳಿಗ್ಗೆ ಮಾತಾಡಲು ಸಮಯ ಇದೆಯೇ’ ಅಂತ ಜಾಬ್ ಪೋರ್ಟಲ್ ಮೂಲಕ ಬಂದ ಮೇಲ್. ಅಪ್‌ಡೇಟ್ಸ್‌ನಲ್ಲಿ ಬಿದ್ದಿತ್ತು, ತೆರೆದೇ ಇರಲಿಲ್ಲ. ಕೆಳಗೆ ಆಯಮ್ಮನ ಹೆಸರು, ಕಂಪನಿ, ಕಂಪನಿಯದೇ ಮೇಲ್ ವಿಳಾಸ ಎಲ್ಲಾ ಇತ್ತು. ಕಂಪನಿಯ ವೆಬ್‌ಸೈಟಿಗೆ ಹೋಗಿ ನೋಡಿದೆವು, ಆ ಜಾಗದ ಜಾಹೀರಾತು ಇನ್ನೂ ಇತ್ತು. ಮೇಲ್ ವಿಳಾಸದಲ್ಲಿ `@` ಆದಮೇಲಿನ ಹೆಸರು, ವೆಬ್‌ಸೈಟಿನ ಹೆಸರು ಎರಡೂ ಒಂದೇ. ಅಂದ್ರೆ ಕರೆ ನಿಜ, ಜಾಗ ಇನ್ನೂ ತೆರೆದಿದೆ ಅಂತ ಲೆಕ್ಕ.

ಆಗ ಅವಳು ಫೋನಲ್ಲಿ ಏನೋ ಟೈಪ್ ಮಾಡಿ ತೋರಿಸಿದಳು, ‘ಅಣ್ಣ ಇದನ್ನ ಕಳಿಸಲಾ?’ ಅಂತ. ‘ಹಾಯ್ ಮ್ಯಾಮ್, ಎನಿ ಅಪ್‌ಡೇಟ್?’ ಅಷ್ಟೇ.

ಇಲ್ಲಿ ನಿಲ್ಲಬೇಕು ನಾವು. ನಮ್ಮ ಹುಡುಗರೆಲ್ಲ ಕಳಿಸೋದು ಇದನ್ನೇ. ವಾಟ್ಸಾಪಲ್ಲಿ ಬರೀ ‘ಹಾಯ್ ಸರ್’ ಅಂತ ಹಾಕಿ, ಅವರು ಮಾತಾಡಿಸಲಿ ಅಂತ ಕಾಯ್ತಾರೆ. ನನಗೆ ಅಂಥವು ದಿನಕ್ಕೆ ಹದಿನೈದಿಪ್ಪತ್ತು ಬರ್ತಿದ್ದವು. ಓದಿದ ತಕ್ಷಣ ನನ್ನ ತಲೇಲಿ ಬರ್ತಿದ್ದದ್ದು, ಯಾರಪ್ಪಾ ಇದು? ಯಾವ ಜಾಗ? ಯಾವತ್ತು ಮಾತಾಡಿದ್ದು? ಉತ್ತರ ಕೊಡಬೇಕಾದರೆ ನಾನು ಮೊದಲು ಹುಡುಕಬೇಕು. ಹುಡುಕೋಕೆ 5 ನಿಮಿಷ ಬೇಕು. ಆಮೇಲೆ ನೋಡೋಣ ಅಂತ ಬಿಡ್ತಿದ್ದೆ, ಅದು ಕೆಳಗೆ ಕೆಳಗೆ ಹೋಗಿಬಿಡ್ತಿತ್ತು. ಕೋಪ ಏನಿಲ್ಲ, ತಾತ್ಸಾರವೂ ಅಲ್ಲ. ಬರೆದವರು ಕೆಲಸವನ್ನ ನನ್ನ ಮೇಲೆ ಹಾಕಿದ್ದರು, ನನಗೆ ಅದಕ್ಕೆ ಬಿಡುವಿರಲಿಲ್ಲ. ಅದೇ ಒಬ್ಬರು ಹೆಸರು, ಜಾಗ, ಮಾತಾಡಿದ ದಿನ, ನಾನು ಏನು ಹೇಳಿದ್ದೆ ಅನ್ನೋದು ಎಲ್ಲ ಬರೆದು, ಒಂದೇ ಒಂದು ಪ್ರಶ್ನೆ ಕೇಳಿದ್ದರೆ, ಬಸ್ಸಲ್ಲಿ ನಿಂತುಕೊಂಡೇ ಉತ್ತರ ಬರೀತಿದ್ದೆ.

ಅದೇ ಥರ ಅವಳ ಕೈಲಿ ಬರೆಸಿದೆ. ಸೋಮವಾರ ಬಂದ ಆ ಮೇಲ್‌ಗೇ ‘ರಿಪ್ಲೈ’ ಒತ್ತಿ, ‘ಟು’ ಅನ್ನೋ ಜಾಗದಲ್ಲಿ ಆಯಮ್ಮನ ಕಂಪನಿ ವಿಳಾಸ ಇದೆಯಾ ನೋಡಿಕೊಂಡು ಬರೆದದ್ದು. ಹಳೇ ಮೇಲ್‌ಗೇ ಉತ್ತರ ಕೊಟ್ಟರೆ ಹಿಂದಿನ ಮಾತು ಕೆಳಗೇ ಇರುತ್ತೆ, ಅವರು ಹುಡುಕಬೇಕಾಗಿಲ್ಲ. ಮೇಲ್ ಇಂಗ್ಲಿಷಲ್ಲೇ ಹೋಯ್ತು, ಅದರ ಮಾತು ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

‘ನಮಸ್ಕಾರ ಮೇಡಂ. ಸಪೋರ್ಟ್ ಹುದ್ದೆಯ ಬಗ್ಗೆ ಇದೇ ತಿಂಗಳ 4ನೇ ತಾರೀಖು ಮಂಗಳವಾರ ಬೆಳಿಗ್ಗೆ 11:20ಕ್ಕೆ ನನ್ನ ಜೊತೆ ಮಾತಾಡಿದ್ದಿರಿ. 5ನೇ ತಾರೀಖು ಸಂಜೆಯೊಳಗೆ ಟೆಸ್ಟ್ ಲಿಂಕ್ ಬರುತ್ತದೆ ಎಂದು ತಿಳಿಸಿದ್ದಿರಿ. ಇನ್‌ಬಾಕ್ಸ್, ಸ್ಪ್ಯಾಮ್ ಎರಡರಲ್ಲೂ ನೋಡಿದೆ, ನನಗೆ ತಲುಪಿಲ್ಲ. ಲಿಂಕ್ ಕಳಿಸಲಾಗಿದೆಯೇ, ಅಥವಾ ಇನ್ನೂ ಕಳಿಸಬೇಕಿದೆಯೇ? ನನ್ನ ಸರಿಯಾದ ಮೇಲ್ ವಿಳಾಸ ಮತ್ತು ಫೋನ್ ನಂಬರ್ ಕೆಳಗಿದೆ. ಈ ಹುದ್ದೆಯಲ್ಲಿ ನನಗೆ ಆಸಕ್ತಿ ಇದೆ.’

ಇಷ್ಟೇ. ‘ದಯವಿಟ್ಟು ಒಂದು ಅವಕಾಶ ಕೊಡಿ, ನಮ್ಮ ಮನೆ ಕಷ್ಟ ಹೀಗಿದೆ’ ಅಂತ ಸೇರಿಸೋಣವಾ ಅಂತ ಅವಳು ಕೇಳಿದಳು. ಬೇಡ ಅಂದೆ. ಬೇಡಿಕೊಳ್ಳೋಕೆ ನಾವೇನೂ ಸಾಲ ಕೇಳ್ತಿಲ್ಲ. ಅವರೇ ಮಾತು ಕೊಟ್ಟಿದ್ದಾರೆ, ಆ ಮಾತು ಎಲ್ಲಿಗೆ ಬಂತು ಅಂತ ಕೇಳ್ತಿದ್ದೀವಿ. ‘ಯಾಕೆ ಕಳಿಸಲಿಲ್ಲ’ ಅಂತಲೂ ಬರೀಬಾರದು, ಅದಕ್ಕೆ ಅವರು ಸಮಜಾಯಿಷಿ ಕೊಡಬೇಕಾಗುತ್ತೆ. ‘ಕಳಿಸಿದ್ದೀರಾ, ಕಳಿಸಬೇಕಾ’ ಅಂದ್ರೆ ಒಂದು ಪದದಲ್ಲಿ ಉತ್ತರ ಮುಗಿಯುತ್ತೆ.

ಭಾನುವಾರ ರಾತ್ರಿಯೇ ಬರೆದಿಟ್ಟು, ಸೋಮವಾರ ಬೆಳಿಗ್ಗೆ 10 ಗಂಟೆಗೆ ಕಳಿಸಿದಳು. ರಾತ್ರಿ ಕಳಿಸಿದ್ದು ಬೆಳಿಗ್ಗೆ ಹೊತ್ತಿಗೆ ಇನ್ನೂ 50 ಮೇಲ್ ಅಡಿಗೆ ಹೋಗಿರುತ್ತೆ.

ಮಂಗಳವಾರ ಸಂಜೆ 4 ಗಂಟೆ ದಾಟಿದ ಮೇಲೆ ಉತ್ತರ ಬಂತು. ನಿಜ ಹೇಳ್ತೀನಿ, ನಾನೂ ಅದನ್ನ ನಿರೀಕ್ಷಿಸಿರಲಿಲ್ಲ. ಆಯಮ್ಮ ಬರೆದಿದ್ದರು: ಲಿಂಕ್ 5ನೇ ತಾರೀಖೇ ಹೋಗಿದೆ, ನೀವು 48 ಗಂಟೆಯಲ್ಲಿ ಬರೆಯಲಿಲ್ಲ, ಹಾಗಾಗಿ ನಿಮಗೆ ಆಸಕ್ತಿ ಇಲ್ಲ ಅಂದುಕೊಂಡು ಮುಚ್ಚಿದೆವು. ಯಾವ ವಿಳಾಸಕ್ಕೆ ಹೋಗಿದೆ ಅಂತ ಅದರಲ್ಲೇ ಇತ್ತು. ನಮ್ಮ ಕಡೆ ಹೆಸರಿನ ಕೊನೆಯ ‘ತ’ಕ್ಕೆ `tha` ಅಂತ ಬರೀತೀವಿ, ತಮಿಳರೂ ಹಾಗೇ. ಆಯಮ್ಮ ಉತ್ತರದ ಕಡೆಯವರು, ಅವರಿಗೆ ಅದು `ta`. ಪೋರ್ಟಲ್‌ನಿಂದ ಹೋದ ಮೇಲ್ ಸರಿಯಾದ ವಿಳಾಸಕ್ಕೇ ಬಂದಿತ್ತು. ಆದರೆ ಟೆಸ್ಟಿನ ಪಟ್ಟಿಗೆ ಹಾಕುವಾಗ, ಫೋನಲ್ಲಿ ಕೇಳಿ ಬರೆದುಕೊಂಡಿದ್ದನ್ನ ನೋಡಿ ಟೈಪ್ ಮಾಡಿದ್ದಾರೆ. ಒಂದು `h` ಬಿಟ್ಟುಹೋಗಿದೆ. ನಮ್ಮ ಹುಡುಗಿಯ ಲಿಂಕ್ ದೇಶದಲ್ಲಿ ಇನ್ಯಾರೋ ಹೆಣ್ಣುಮಗಳ ಇನ್‌ಬಾಕ್ಸ್‌ನಲ್ಲಿ ಕೂತಿತ್ತು. 13 ದಿನ ಇವಳು ‘ಅವರು ಕಳಿಸಲಿಲ್ಲ’ ಅಂತ ಕಾದಳು, ಅಲ್ಲಿ ಅವರು ‘ಇವಳು ಬರೆಯಲಿಲ್ಲ’ ಅಂತ ಹೆಸರಿನ ಮುಂದೆ ಗುರುತು ಹಾಕಿದ್ದರು.

ಎಲ್ಲಾ ಮೌನವೂ ಹೀಗೇ ಅಂತ ನಾನು ಹೇಳಲ್ಲ. ನನ್ನ ಅನುಭವದಲ್ಲಿ ಹೆಚ್ಚಿನವು ಮ್ಯಾನೇಜರ್ ನೋಡದೇ ಇದ್ದದ್ದು, ಹೋಲ್ಡ್ ಆದದ್ದು, ಇಲ್ಲಾ ಸಂಬಳ ಹೊಂದದೆ ಅಲ್ಲೇ ಬಿಟ್ಟದ್ದು. ಆದರೆ ಯಾವುದು ಏನು ಅಂತ ಹೊರಗೆ ಕೂತು ಊಹಿಸೋಕಾಗಲ್ಲ, ಎಲ್ಲವೂ ಹೊರಗಿಂದ ಒಂದೇ ಥರ ಕಾಣುತ್ತೆ. ಕೇಳಿದ ಮೇಲೆ ಬರೋ ಉತ್ತರದಲ್ಲಿ ಸ್ವಲ್ಪ ಗೊತ್ತಾಗುತ್ತೆ. ‘ಮ್ಯಾನೇಜರ್ ಫೀಡ್‌ಬ್ಯಾಕ್ ಬಂದಿಲ್ಲ, ಗುರುವಾರ ಕೇಳ್ತೀನಿ’ ಅಂತ ದಿನ ಹೇಳಿ ಬರೆದರೆ ನಿಮ್ಮ ಹೆಸರು ಇನ್ನೂ ಪಟ್ಟಿಯಲ್ಲಿದೆ. ‘ಪ್ರೊಫೈಲ್ ಇಟ್ಟುಕೊಂಡಿರ್ತೀವಿ, ಮುಂದೆ ಏನಾದರೂ ಇದ್ದರೆ ತಿಳಿಸ್ತೀವಿ’ ಅಂದ್ರೆ ಆ ಜಾಗ ಮುಗಿಯಿತು, ಮರ್ಯಾದೆಯಿಂದ ಹೇಳಿದ್ದಾರೆ ಅಷ್ಟೇ. ಮೇಲ್ ಹೋಗದೇ ವಾಪಸ್ ಬಂದರೆ ಆ ರಿಕ್ರೂಟರ್ ಕೆಲಸ ಬಿಟ್ಟಿರಬಹುದು. ಇದು ಬಹಳ ಸಲ ಆಗುತ್ತೆ, ಆ ಕೆಲಸದಲ್ಲಿ ಯಾರೂ ಹೆಚ್ಚು ದಿನ ನಿಲ್ಲಲ್ಲ. ಆಗ ಲಿಂಕ್ಡ್‌ಇನ್‌ನಲ್ಲಿ ಕಂಪನಿ ಹೆಸರಿನ ಜೊತೆ `talent acquisition` ಅಂತ ಹಾಕಿ ಹುಡುಕಿ, ಈಗ ಇರೋರಿಗೆ ಅದೇ ನಾಲ್ಕು ಸಾಲು ಬರೀಬೇಕು.

ಎಷ್ಟು ಸಲ ಕೇಳಬೇಕು ಅಂತ ಎಲ್ಲರೂ ಕೇಳ್ತಾರೆ. ನನ್ನ ಲೆಕ್ಕ ಹೇಳ್ತೀನಿ. ಅವರು ಹೇಳಿದ ದಿನ ಕಳೆದು ಎರಡು ಕೆಲಸದ ದಿನ ಬಿಟ್ಟು ಮೊದಲನೇದು. ದಿನ ಹೇಳದೇ ಇದ್ದರೆ ಮಾತಾಡಿ ಒಂದು ವಾರಕ್ಕೆ. ಉತ್ತರ ಇಲ್ಲದಿದ್ದರೆ ಇನ್ನೊಂದು ವಾರಕ್ಕೆ ಎರಡನೇದು, ಅದೇ ಮೇಲ್‌ನ ಕೆಳಗೇ. ನಂಬರ್ ಇದ್ದರೆ ಅವತ್ತು ಒಂದು ಸಲ ಫೋನೂ ಮಾಡಬಹುದು, ಬೆಳಿಗ್ಗೆ 11ರಿಂದ ಸಂಜೆ 5ರೊಳಗೆ. ಎತ್ತದಿದ್ದರೆ ಮತ್ತೆ ಮತ್ತೆ ಒತ್ತಬಾರದು, ವಾಯ್ಸ್ ಮೆಸೇಜ್ ಕಳಿಸಬಾರದು. ಮೂರನೇದು ಇನ್ನೂ ಒಂದು ವಾರ ಹತ್ತು ದಿನ ಬಿಟ್ಟು: ‘ಈ ಹುದ್ದೆ ಮುಗಿದಿದೆ ಎಂದು ತಿಳಿಯುತ್ತೇನೆ, ಮುಂದೆ ಹೊಂದುವ ಜಾಗ ಇದ್ದರೆ ನೆನಪಿಸಿಕೊಳ್ಳಿ.’ ಆಮೇಲೆ ಬಿಡಬೇಕು. ನಾಲ್ಕನೇದರಿಂದ ಯಾರಿಗೂ ಕೆಲಸ ಸಿಕ್ಕಿದ್ದು ನಾನು ನೋಡಿಲ್ಲ. ಆದರೆ ಆ ಮೂರನೇ ಮೇಲ್‌ಗೆ, ತಿಂಗಳಾದ ಮೇಲೆ ನಾನೇ ಎರಡು ಮೂರು ಸಲ ಉತ್ತರ ಕೊಟ್ಟು ಬೇರೆ ಜಾಗಕ್ಕೆ ಕರೆದಿದ್ದೀನಿ.

ಫೋನ್ ಮಾಡಿದ್ದು ಕಂಪನಿಯಲ್ಲ, ಕನ್ಸಲ್ಟೆನ್ಸಿ ಆಗಿದ್ದರೆ ಒಂದು ಎಚ್ಚರ. ಉತ್ತರ ಬರಲಿಲ್ಲ ಅಂತ ಸಿಟ್ಟಿಗೆ ನೇರವಾಗಿ ಕಂಪನಿಯ ವೆಬ್‌ಸೈಟಲ್ಲೂ ಅರ್ಜಿ ಹಾಕಿ, ಇನ್ನೊಂದು ಕನ್ಸಲ್ಟೆನ್ಸಿಗೂ ಕೊಟ್ಟುಬಿಡ್ತಾರೆ. ಒಂದು ಕನ್ಸಲ್ಟೆನ್ಸಿ ನಿಮ್ಮ ಹೆಸರು ಕಳಿಸಿದ್ದರೆ ಕೆಲವು ತಿಂಗಳು ಆ ಹೆಸರು ಅವರ ಲೆಕ್ಕದಲ್ಲೇ ಇರುತ್ತೆ. ಒಂದೇ ಹೆಸರು ಎರಡು ಕಡೆಯಿಂದ ಹೋದರೆ ಕಮಿಷನ್ ಯಾರಿಗೆ ಅನ್ನೋ ಜಗಳ ಬೇಡ ಅಂತ ಕೆಲವು ಕಂಪನಿ ನಿಮ್ಮನ್ನೇ ಪಕ್ಕಕ್ಕೆ ಇಡ್ತವೆ. ಅದಕ್ಕೆ ಮೊದಲು ಕನ್ಸಲ್ಟೆನ್ಸಿಯವರನ್ನ ಕೇಳಿ: ‘ನನ್ನ ರೆಸ್ಯೂಮೆ ಕಂಪನಿಗೆ ಹೋಗಿದೆಯಾ, ಯಾವ ದಿನ?’ ಹೋಗಿಲ್ಲ ಅಂದ್ರೆ ನೀವೇ ನೇರ ಹಾಕಿಕೊಳ್ಳಿ.

ಇನ್ನೊಂದು ಮಾತು. ಇದನ್ನ ಈ ವೇದಿಕೆಯಲ್ಲಿ ಬಿಟ್ಟರೆ ಬೇರೆಲ್ಲೂ ಯಾರೂ ಕೇಳಲ್ಲ. ಅವಳು ಅವತ್ತು ಭಾನುವಾರ ಮೆಲ್ಲಗೆ ಕೇಳಿದಳು, ‘ಅಣ್ಣ, ಕಾಲನಿ ಹೆಸರು ಹೇಳಿದ್ದಕ್ಕೆ ಬಿಟ್ಟುಬಿಟ್ಟರಾ?’ ಇಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅನ್ನೋ ಇಬ್ಬರು ವಿದ್ವಾಂಸರು ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ಮಟ್ಟದ ಓದು, ಅನುಭವ ಇರೋ ಅರ್ಜಿಗಳನ್ನ ಬೇರೆ ಬೇರೆ ಹೆಸರಲ್ಲಿ ಕಳಿಸಿ ನೋಡಿದ್ದರು. ಮೇಲ್ಜಾತಿ ಹೆಸರಿಗಿಂತ ದಲಿತ ಹೆಸರಿನ ಅರ್ಜಿಗೆ ಕರೆ ಬರೋ ಸಂಭವ ಕಡಿಮೆ ಅಂತ 2007ರಲ್ಲಿ ಪ್ರಕಟಿಸಿದರು. ಹಾಗಾಗಿ ಅವಳ ಅನುಮಾನ ಹುಚ್ಚಲ್ಲ. ‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಹೇಳಿ’ ಅನ್ನೋ ಪ್ರಶ್ನೆಯನ್ನ ನಾನೂ ಫೋನಲ್ಲಿ ಕೇಳಿದ್ದೀನಿ, ಕಂಪನಿಯವರು ಕೇಳು ಅಂದಿದ್ದರಿಂದ. ಅದರ ಹಿಂದೆ ಏನಿರಬಹುದು ಅಂತ ನನಗೆ ಗೊತ್ತಾಗದೇ ಏನಿರಲಿಲ್ಲ. ಆ ಪ್ರಶ್ನೆ ಬಂದರೆ ‘ಮನೇಲಿ ನಾಲ್ಕು ಜನ, ಅಪ್ಪ ಕೆಲಸ ಮಾಡ್ತಾರೆ, ಶಿಫ್ಟಿಗೆ ತೊಂದರೆ ಇಲ್ಲ’ ಅಂತ ಹೇಳಿ ಕೆಲಸದ ಮಾತಿಗೆ ವಾಪಸ್ ಬರಬಹುದು, ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಆದರೆ ಒಂದೇ ಒಂದು ಮೌನ ನೋಡಿ ಇದು ಅದೇ ಅಂತ ಹೇಳೋಕಾಗಲ್ಲ. ಅವಳು ಅದನ್ನೇ ನಂಬಿ ಸುಮ್ಮನೆ ಕೂತಿದ್ದರೆ, ಒಂದು `h` ಅಕ್ಷರದಿಂದ ಹೋದದ್ದನ್ನ ಜಾತಿಯಿಂದ ಹೋಯ್ತು ಅಂತ ಜೀವನವಿಡೀ ಅಂದುಕೊಂಡಿರ್ತಿದ್ದಳು. ಅದರ ಉಲ್ಟಾನೂ ಇದೆ. ಬರೆದಿಡದೇ ಇದ್ದರೆ, ನಿಜವಾಗಿ ಜಾತಿಯಿಂದ ಹೋದದ್ದು ಕೂಡ ‘ಏನೋ ಲಿಂಕ್ ಬರಲಿಲ್ಲ’ ಅಂತ ಮುಚ್ಚಿಹೋಗುತ್ತೆ. ಅದಕ್ಕೆ ಒಂದು ನೋಟ್‌ಬುಕ್ ಇಡಿ. ತಾರೀಖು, ಕಂಪನಿ, ಮಾತಾಡಿದವರ ಹೆಸರು, ಏನು ಕೇಳಿದರು, ಏನು ಕೊಡ್ತೀವಿ ಅಂದರು, ಯಾವತ್ತು, ನೀವು ಯಾವತ್ತು ಕೇಳಿದಿರಿ, ಏನು ಉತ್ತರ ಬಂತು. ಸಂಘದಲ್ಲಿ ಹತ್ತು ಜನ ಹೀಗೆ ಬರೆದಿಟ್ಟು ಒಟ್ಟಿಗೆ ಕೂತು ನೋಡಿದರೆ, ಒಂದೇ ಕಡೆ, ಒಂದೇ ಪ್ರಶ್ನೆ ಆದಮೇಲೆ ಎಲ್ಲರಿಗೂ ಮೌನ ಆಗ್ತಿದೆಯಾ ಅಂತ ಕಾಣುತ್ತೆ. ಒಬ್ಬೊಬ್ಬರೇ ಇದ್ದರೆ ಕಾಣಲ್ಲ.

ಕಾಯ್ತಾ ಇರೋರ ಮೇಲೆ ಮೋಸಗಾರರ ಕಣ್ಣು ಬೇರೆ ಇರುತ್ತೆ. ಹತ್ತು ಹದಿನೈದು ದಿನ ಮೌನ ಆದಮೇಲೆ ‘ನೀವು ಸೆಲೆಕ್ಟ್ ಆಗಿದ್ದೀರಿ, ಲ್ಯಾಪ್‌ಟಾಪ್‌ಗೆ ಡಿಪಾಸಿಟ್ ಕಟ್ಟಿ, ವಾಪಸ್ ಬರುತ್ತೆ’ ಅಂತ ಮೇಲ್ ಬಂದರೆ, ಅಷ್ಟು ದಿನದ ಕಾಯುವಿಕೆಯೇ ನಮ್ಮ ಕೈಯಿಂದ ದುಡ್ಡು ಕಟ್ಟಿಸಿಬಿಡುತ್ತೆ. ಒಂದು ರೂಪಾಯಿ ಕೇಳಿದರೂ ಅದು ಮೋಸ. ಕಟ್ಟಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಇಲ್ಲಾ `cybercrime.gov.in`ನಲ್ಲಿ ದೂರು ಕೊಡಿ. ನಾಚಿಕೆ ಪಟ್ಟು ಮನೇಲಿ ಮುಚ್ಚಿಡಬೇಡಿ.

ಇದೆಲ್ಲಾ ಆದಮೇಲೆ ಕೇಳೋದಕ್ಕಿಂತ, ಫೋನ್ ಇಡೋ ಮೊದಲೇ ಒಂದು ನಿಮಿಷ ತಗೊಂಡರೆ ಅರ್ಧ ಕಷ್ಟ ತಪ್ಪುತ್ತೆ. ‘ಮೇಡಂ, ನಿಮ್ಮ ಹೆಸರು, ಮೇಲ್ ವಿಳಾಸ ಒಂದು ಸಲ ಹೇಳ್ತೀರಾ? ಲಿಂಕ್ ಯಾವ ಹೆಸರಿಂದ ಬರುತ್ತೆ? ನಾಳೆ ಸಂಜೆ ಬರದಿದ್ದರೆ ನಿಮಗೇ ಬರೀಲಾ?’ ಅಂತ ಕೇಳೋದರಲ್ಲಿ ಏನೂ ಸೊಕ್ಕಿಲ್ಲ. ನಮ್ಮವರು ಸಂಕೋಚ ಪಡ್ತಾರೆ. ಕೇಳಿದವರನ್ನ ನಾನು ಯಾವತ್ತೂ ಕೆಟ್ಟದಾಗಿ ನೋಡಿಲ್ಲ, ಅವರ ಹೆಸರೇ ನನಗೆ ನೆನಪಿರ್ತಿತ್ತು. ನಿಮ್ಮ ಮೇಲ್ ವಿಳಾಸವನ್ನ ಬಾಯಲ್ಲಿ ಹೇಳಿ ಬಿಡಬೇಡಿ. ಫೋನ್ ಇಟ್ಟ ಹತ್ತು ನಿಮಿಷದಲ್ಲಿ ಅವರಿಗೊಂದು ಮೇಲ್ ಹಾಕಿ, ‘ಮಾತಾಡಿದ್ದಕ್ಕೆ ಧನ್ಯವಾದ, ನಾಳೆ ಸಂಜೆ ಲಿಂಕ್ ಕಾಯ್ತಿರ್ತೀನಿ’ ಅಂತ ಒಂದೇ ಸಾಲು. ಆಗ ಸರಿಯಾದ ವಿಳಾಸ ಅವರ ಮುಂದೆ ತಾನಾಗೇ ಕೂತಿರುತ್ತೆ. ಟೈಪ್ ಮಾಡೋ ಬದಲು ಅದನ್ನೇ ಕಾಪಿ ಮಾಡ್ತಾರೆ.

ಹುಡುಗಿ ಏನಾದಳು ಅಂತ ಕೇಳ್ತೀರಿ. ಆಯಮ್ಮ ಒಳ್ಳೆಯವರು, ಹೊಸ ಲಿಂಕ್ ಕಳಿಸಿದರು. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಬೈದುಕೊಂಡೇ ಇಟ್ಟುಕೊಂಡಿದ್ದ, ಶಿಫ್ಟ್ ಮುಗಿಸಿ ಬಂದು ರಾತ್ರಿ ಟೆಸ್ಟ್ ಬರೆದಳು, ಪಾಸಾದಳು. ಟೆಕ್ನಿಕಲ್ ರೌಂಡಲ್ಲಿ ಎಸ್‌ಕ್ಯೂಎಲ್‌ನ ಜಾಯಿನ್ ಬಗ್ಗೆ ಕೇಳಿದರು, ತಡವರಿಸಿದಳು. ನಾಲ್ಕು ದಿನಕ್ಕೆ ‘ಈ ಸಲ ಆಗಲಿಲ್ಲ’ ಅಂತ ಮೇಲ್ ಬಂತು. ಅವರಪ್ಪನಿಗೆ ಟೀ ಅಂಗಡಿ ಹತ್ತಿರ ಹೋಗೋಕೆ ಒಂದು ವಾರ ಮುಜುಗರ ಆಯ್ತು. ಅವಳು ನೋಟ್‌ಬುಕ್ಕಿನ ಆ ಸಾಲಿನ ಕೊನೆಗೆ ‘ಇಲ್ಲ, ಜಾಯಿನ್ ಬರಲಿಲ್ಲ’ ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಆ ಗೆರೆಯ ಕೆಳಗೆ ಈಗ ಇನ್ನೂ ಆರು ಕಂಪನಿ ಇವೆ. ಎರಡಕ್ಕೆ ಈ ವಾರ ಕೇಳಬೇಕಾದ ದಿನ ಬಂದಿದೆ, ಹೋದ ಭಾನುವಾರ ಬಂದು ತೋರಿಸಿ ಹೋದಳು.